ಎಲ್ಲರಿಗೂ ಹತ್ತು ಗಂಟೆಯೇ ಏಕೆ? ತುಮಕೂರು ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ,

ನಮಸ್ಕಾರಗಳು. ತುಮಕೂರು ನಗರದ ಸರ್ಕಾರಿ ಕಚೇರಿಗಳಲ್ಲಿ ಕೆಲಸ ಆರಂಭವಾಗುವ ಸಮಯವನ್ನು ಎರಡು ತಂಡಗಳಾಗಿ ಒಡೆದು ನೋಡಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ. ಜೊತೆಗೆ ಒಂದು ಷರತ್ತನ್ನೂ ಮುಂದಿಡುತ್ತಿದ್ದೇನೆ. ಈ ತಂಡಗಳನ್ನು ಇಲಾಖೆವಾರು ಮಾಡಬಾರದು, ಸಿಬ್ಬಂದಿಯ ಇಷ್ಟಕ್ಕೂ ಬಿಡಬಾರದು. ಪ್ರತಿಯೊಂದು ಟೇಬಲ್ಲಿನೊಳಗೇ ಒಬ್ಬರು ಮೊದಲು, ಒಬ್ಬರು ತಡವಾಗಿ ಬರುವಂತೆ ಮಾಡಬೇಕು. ಕೋರಿಕೆಗಿಂತ ಈ ಷರತ್ತೇ ಮುಖ್ಯವಾದದ್ದರಿಂದ ಅದರ ಬಗ್ಗೆಯೇ ಹೆಚ್ಚು ಬರೆದಿದ್ದೇನೆ. ನಾನು ಇದೇ ನಗರದ ಖಾಸಗಿ ಕಚೇರಿಯೊಂದರಲ್ಲಿ ಆಡಳಿತ ವಿಭಾಗ ನೋಡಿಕೊಳ್ಳುವವಳು. ಹಾಜರಾತಿ ಪಟ್ಟಿ ತಯಾರಿಸುವುದು ನನ್ನ ದಿನನಿತ್ಯದ ಕೆಲಸ.

ಬಿ.ಎಚ್. ರಸ್ತೆಯ ಬೆಳಗಿನ ಸ್ಥಿತಿಯನ್ನು ನಿಮಗೆ ವಿವರಿಸಬೇಕಾಗಿಲ್ಲ. ಹಿಂದೆ ಈ ದಟ್ಟಣೆಗೆ ಹೆದ್ದಾರಿಯ ಲಾರಿಗಳನ್ನು ದೂರುತ್ತಿದ್ದೆವು. ಬೈಪಾಸ್ ಆದ ಮೇಲೆ ಶಿರಾ ಕಡೆಯಿಂದ ಬೆಂಗಳೂರಿಗೆ ನೇರವಾಗಿ ಹೋಗುವ ವಾಹನಗಳು ಊರೊಳಗೆ ಬರಬೇಕಾಗಿಲ್ಲ. ಈಗ ಬಟವಾಡಿಯಿಂದ ಟೌನ್‌ಹಾಲ್ ವೃತ್ತದವರೆಗೆ ಒಂಬತ್ತೂಕಾಲರಿಂದ ಹತ್ತೂಕಾಲರ ನಡುವೆ ತುಂಬಿಕೊಳ್ಳುವುದು ನಮ್ಮದೇ ವಾಹನಗಳು. ಶಾಲೆಯ ವ್ಯಾನು, ಕಾಲೇಜು ಮಕ್ಕಳ ಸ್ಕೂಟರು, ಕಚೇರಿಗೆ ಹೊರಟವರ ಬೈಕು, ತಾಲ್ಲೂಕುಗಳಿಂದ ಬರುವ ಬಸ್ಸು ಎಲ್ಲವೂ ಒಂದೇ ಗಂಟೆಯಲ್ಲಿ ಒಂದೇ ರಸ್ತೆಗೆ ಇಳಿಯುತ್ತವೆ. ಹನ್ನೊಂದಕ್ಕೆ ಅದೇ ರಸ್ತೆಯಲ್ಲಿ ಆರಾಮವಾಗಿ ಹೋಗಬಹುದು. ಅಂದರೆ ರಸ್ತೆ ದಿನವಿಡೀ ಸಾಲದಾಗಿಲ್ಲ, ಆ ಒಂದು ಗಂಟೆ ಮಾತ್ರ ಸಾಲದಾಗುತ್ತಿದೆ.

ಇಲ್ಲಿ ಒಂದು ಸಣ್ಣ ಲೆಕ್ಕ ಹೇಳಬೇಕು. ಇದರ ಅಂಕಿಗಳು ಯಾವ ಸಮೀಕ್ಷೆಯವೂ ಅಲ್ಲ, ತಿಳಿಯಲೆಂದು ನಾನೇ ಇಟ್ಟುಕೊಂಡವು. ಒಂದು ವೃತ್ತ ನಿಮಿಷಕ್ಕೆ 30 ವಾಹನಗಳನ್ನು ದಾಟಿಸಬಲ್ಲದು ಎನ್ನೋಣ. ಗಂಟೆಗೆ 1,800 ಆಯಿತು. ಆ ಗಂಟೆಯಲ್ಲಿ 2,400 ವಾಹನಗಳು ಬಂದರೆ ಕೊನೆಯಲ್ಲಿ 600 ಉಳಿದುಕೊಳ್ಳುತ್ತವೆ. ಸಾಲಿನ ತುದಿಯಲ್ಲಿದ್ದವನು 20 ನಿಮಿಷ ಕಾಯುತ್ತಾನೆ. ಈಗ ಅವುಗಳಲ್ಲಿ 400 ವಾಹನಗಳು, ಎಂದರೆ ಆರರಲ್ಲಿ ಒಂದು ಪಾಲು, ಆ ಗಂಟೆಯನ್ನು ಬಿಟ್ಟು ಬೇರೆ ಹೊತ್ತಿಗೆ ಹೊರಟವು ಎನ್ನೋಣ. ಉಳಿಯುವುದು 200 ಮಾತ್ರ, ಕೊನೆಯವನ ಕಾಯುವಿಕೆ ಏಳು ನಿಮಿಷಕ್ಕೂ ಕಡಿಮೆ. ಆರನೇ ಒಂದು ಪಾಲು ಜನ ಸರಿದರೆ ಕಾಯುವ ಹೊತ್ತು ಮೂರನೇ ಒಂದಕ್ಕೆ ಇಳಿಯುತ್ತದೆ. ದಟ್ಟಣೆ ಎನ್ನುವುದು ವೃತ್ತದ ಸಾಮರ್ಥ್ಯವನ್ನು ಮೀರಿದ ಆ ಹೆಚ್ಚುವರಿ ಭಾಗದಿಂದ ಹುಟ್ಟುತ್ತದೆಯೇ ಹೊರತು ಒಟ್ಟು ವಾಹನಗಳಿಂದಲ್ಲ. ವಿಲಿಯಂ ವಿಕ್ರಿ ಎಂಬ ಅರ್ಥಶಾಸ್ತ್ರಜ್ಞರು 1969ರಲ್ಲೇ ಇಂಥ ಇಕ್ಕಟ್ಟಿನ ಸಾಲುಗಳಿಗೆ ಗಣಿತದ ರೂಪ ಕೊಟ್ಟರು. ಅವರಿಗೆ 1996ರಲ್ಲಿ ನೊಬೆಲ್ ಬಂದದ್ದು ಬೇರೆ ಕೆಲಸಕ್ಕೆ, ಆದರೆ ಸಂಚಾರ ಯೋಜನೆ ಓದುವವರು ಇಂದಿಗೂ ಈ ಸಾಲಿನ ಲೆಕ್ಕದಿಂದಲೇ ಆರಂಭಿಸುತ್ತಾರೆ.

ಈ ಲೆಕ್ಕದಿಂದ ನಿಮಗೆ ಬೇಕಾದ ಮಾತು ಇಷ್ಟೇ: ಎಲ್ಲರ ಸಮಯವನ್ನೂ ಬದಲಿಸಬೇಕಾಗಿಲ್ಲ. ಸಮಯ ಬದಲಿಸಲಾಗದ ಹುದ್ದೆಗಳು ಪ್ರತಿ ಕಚೇರಿಯಲ್ಲೂ ಇರುತ್ತವೆ. ಅವುಗಳನ್ನು ಹಾಗೆಯೇ ಬಿಟ್ಟು, ಸಾಧ್ಯವಿರುವವರನ್ನು ಮಾತ್ರ ಸರಿಸಿದರೂ ಫಲ ಸಿಗುತ್ತದೆ. ಆದರೆ ಸರಿಸುವುದಾದರೆ ಸಾಕಷ್ಟು ಸರಿಸಬೇಕು. ಹತ್ತರ ಬದಲು ಒಂಬತ್ತು ಮುಕ್ಕಾಲು ಎಂದರೆ ಏನೂ ಆಗುವುದಿಲ್ಲ, ಆ ನೌಕರ ಅದೇ ಸಾಲಿನಲ್ಲಿ ಸ್ವಲ್ಪ ಮುಂದೆ ನಿಲ್ಲುತ್ತಾನೆ ಅಷ್ಟೇ. ಒಂಬತ್ತೂವರೆ ಎಂದರೆ ಇನ್ನೂ ಕೆಟ್ಟದ್ದು, ಶಾಲೆಯ ವ್ಯಾನುಗಳ ನಡುವೆಯೇ ಸಿಕ್ಕಿಕೊಳ್ಳುತ್ತಾನೆ. ನಮ್ಮ ಊರಿನ ಮಟ್ಟಿಗೆ ದಟ್ಟಣೆಯ ಎರಡೂ ಬದಿಯಲ್ಲಿ ಹೊರಗುಳಿಯುವ ಸಮಯಗಳೆಂದರೆ ಒಂಬತ್ತು ಮತ್ತು ಹತ್ತೂವರೆ.

ಇನ್ನು ಕಚೇರಿಯ ವಿಷಯ. ರಸ್ತೆಯ ಲೆಕ್ಕ ಸುಲಭ, ಕಚೇರಿಯ ಲೆಕ್ಕವೇ ಕಷ್ಟ. ಸಮಯ ಒಡೆಯುವ ಮಾತೆತ್ತಿದಾಗಲೆಲ್ಲ ಹಿರಿಯ ಅಧಿಕಾರಿಗಳು ಕೇಳುವ ಪ್ರಶ್ನೆ, "ಆಗ ಕಚೇರಿಯಲ್ಲಿ ಯಾರಿರುತ್ತಾರೆ?" ಅದು ನ್ಯಾಯವಾದ ಪ್ರಶ್ನೆ. ನಮ್ಮ ಕಚೇರಿಯಲ್ಲಿ ನಡೆದದ್ದನ್ನು ವಿವರವಾಗಿ ಹೇಳಿದರೆ ಉತ್ತರ ಅದರಲ್ಲೇ ಸಿಗುತ್ತದೆ.

ನಾವು 18 ಜನ. ಸಹಿ ಮಾಡುವ ಅಧಿಕಾರಿಗಳು ಇಬ್ಬರು, ನಗದು ಕೌಂಟರಿನಲ್ಲಿ ಇಬ್ಬರು, ವಿಚಾರಣೆ ಮತ್ತು ಅರ್ಜಿ ಸ್ವೀಕಾರಕ್ಕೆ ನಾಲ್ವರು, ದಾಖಲೆ ಪರಿಶೀಲನೆಗೆ ಆರು ಜನ, ಲೆಕ್ಕಪತ್ರಕ್ಕೆ ಮೂವರು, ಒಬ್ಬ ಅಟೆಂಡರ್. ಮೊದಲು ಎಲ್ಲರಿಗೂ ಹತ್ತರಿಂದ ಆರು. ಆಡಳಿತ ಮಂಡಳಿ ಮೊದಲು ಮಾಡಿದ್ದು ತೀರಾ ಸರಳವಾದ ಕ್ರಮ: ಒಂಬತ್ತು ಅಥವಾ ಹತ್ತೂವರೆ, ನಿಮಗೆ ಬೇಕಾದದ್ದನ್ನು ಆರಿಸಿಕೊಳ್ಳಿ ಎಂದಿತು. 13 ಜನ ಒಂಬತ್ತನ್ನೇ ಆರಿಸಿಕೊಂಡರು. ಸಂಜೆ ಬೇಗ ಮನೆಗೆ ಹೋಗುವುದು ಯಾರಿಗೆ ಬೇಡ? ನಗದು ಕೌಂಟರಿನ ಇಬ್ಬರೂ ಅದರಲ್ಲಿದ್ದರು. ಐದು ಗಂಟೆಗೆ ನಗದು ಕೌಂಟರಿನ ಕುರ್ಚಿ ಖಾಲಿ, ಅತ್ತ ವಿಚಾರಣೆಯವರು ಅರ್ಜಿ ಸ್ವೀಕರಿಸಿ "ಹಣ ಕಟ್ಟಲು ನಾಳೆ ಬನ್ನಿ" ಎನ್ನುವ ಸ್ಥಿತಿ.

ಆಮೇಲೆ ವಿಭಾಗವಾರು ಪ್ರಯೋಗ ನಡೆಯಿತು. ಲೆಕ್ಕಪತ್ರ ಮತ್ತು ಪರಿಶೀಲನೆಯವರೆಲ್ಲ ಒಂಬತ್ತಕ್ಕೆ, ಅಧಿಕಾರಿಗಳು ಮತ್ತು ಕೌಂಟರಿನವರೆಲ್ಲ ಹತ್ತೂವರೆಗೆ. ಕಾಗದದ ಮೇಲೆ ಇದು ಚೆನ್ನಾಗಿಯೇ ಕಾಣುತ್ತಿತ್ತು, ಯಾವ ಹೊತ್ತಿನಲ್ಲೂ ಕಚೇರಿಯಲ್ಲಿ ಎಂಟು ಹತ್ತು ತಲೆಯಾದರೂ ಇರುತ್ತಿದ್ದವು. ಆದರೆ ಕೆಲಸ ಸಾಗುವುದು ತಲೆಗಳ ಲೆಕ್ಕದಲ್ಲಲ್ಲ. ಪರಿಶೀಲನೆ ಮುಗಿದ ಕಡತ ಸಹಿಗೆ ಹತ್ತೂವರೆವರೆಗೆ ಕಾಯಬೇಕಿತ್ತು. ಸಂಜೆ ಐದರ ಮೇಲೆ ಕೌಂಟರಿಗೆ ಬಂದ ಅರ್ಜಿಯನ್ನು ಪರಿಶೀಲಿಸುವವರೇ ಇರುತ್ತಿರಲಿಲ್ಲ. ಎರಡು ತುದಿಗಳಲ್ಲೂ ಜನ ಇದ್ದೂ ಒಂದು ಕೆಲಸವೂ ಪೂರ್ತಿಯಾಗುತ್ತಿರಲಿಲ್ಲ.

ಕೊನೆಗೆ ನಿಂತದ್ದು ಜೋಡಿ ಪದ್ಧತಿ. ಪ್ರತಿ ಟೇಬಲ್ಲಿನಲ್ಲೂ ಅರ್ಧ ಜನ ಒಂಬತ್ತರಿಂದ ಐದು, ಅರ್ಧ ಜನ ಹತ್ತೂವರೆಯಿಂದ ಆರೂವರೆ. ಅಧಿಕಾರಿಗಳಲ್ಲಿ ಒಬ್ಬರು ಈ ಕಡೆ, ಒಬ್ಬರು ಆ ಕಡೆ. ನಗದಿನಲ್ಲೂ ಹಾಗೆಯೇ. ವಿಚಾರಣೆಯಲ್ಲಿ ಇಬ್ಬರು ಇತ್ತ, ಇಬ್ಬರು ಅತ್ತ. ಪರಿಶೀಲನೆಯಲ್ಲಿ ಮೂವರು, ಮೂವರು. ಲೆಕ್ಕಪತ್ರದಲ್ಲಿ ಇಬ್ಬರು ಮೊದಲು ಬರುತ್ತಾರೆ, ಒಬ್ಬರು ತಡವಾಗಿ. ಅಟೆಂಡರ್ ಒಬ್ಬನೇ ಆದ್ದರಿಂದ ಅವನನ್ನು ಹಳೆಯ ಸಮಯದಲ್ಲೇ ಉಳಿಸಿದೆವು. ಹೀಗೆ ಒಂಬತ್ತಕ್ಕೆ 9 ಜನ ಇರುತ್ತಾರೆ, ಹತ್ತಕ್ಕೆ 10, ಹತ್ತೂವರೆಯಿಂದ ಐದರವರೆಗೆ ಪೂರಾ 18, ಐದರಿಂದ ಆರರವರೆಗೆ 9, ಕೊನೆಯ ಅರ್ಧ ಗಂಟೆ 8. ಎಂಟೇ ಜನ ಇರುವಾಗಲೂ ಅರ್ಜಿ ತೆಗೆದುಕೊಳ್ಳುವವರಿಂದ ಹಿಡಿದು ಸಹಿ ಹಾಕುವವರವರೆಗೆ ಇಡೀ ಸರಪಳಿ ಕಚೇರಿಯಲ್ಲಿರುತ್ತದೆ. ಯಾರ ಕೆಲಸದ ಗಂಟೆಯೂ ಹೆಚ್ಚಾಗಲಿಲ್ಲ, ಆದರೆ ಬಾಗಿಲು ಎಂಟು ಗಂಟೆಯ ಬದಲು ಒಂಬತ್ತೂವರೆ ಗಂಟೆ ತೆರೆದಿರುತ್ತದೆ. ಇನ್ನೊಂದು ಲಾಭ ಕೇಳದೆಯೇ ಬಂತು. ಮೊದಲ ತಂಡ ಹನ್ನೆರಡೂವರೆಗೆ ಊಟಕ್ಕೆ ಹೋದರೆ ಎರಡನೆಯದು ಒಂದೂವರೆಗೆ ಹೋಗುತ್ತದೆ. "ಊಟದ ಸಮಯ" ಎಂಬ ಫಲಕ ಕೌಂಟರಿನಿಂದ ಮಾಯವಾಯಿತು.

ಈ ಪದ್ಧತಿ ನಿಂತಿರುವುದು ರಜೆಯ ನಿಯಮದ ಮೇಲೆ. ಜೋಡಿಯಲ್ಲಿ ಒಬ್ಬರು ರಜೆ ಹಾಕಿದರೆ ಇನ್ನೊಬ್ಬರು ಅಂದು ಹಳೆಯ ಸಮಯಕ್ಕೆ, ಹತ್ತರಿಂದ ಆರಕ್ಕೆ ಮರಳುತ್ತಾರೆ. ಇದನ್ನು ಮೊದಲೇ ಬರೆದಿಡದಿದ್ದರೆ ಮದುವೆ, ಜಾತ್ರೆಗಳ ತಿಂಗಳಲ್ಲಿ ವ್ಯವಸ್ಥೆ ಕುಸಿಯುತ್ತದೆ. ಜೋಡಿಯ ಇಬ್ಬರೂ ಒಂದೇ ದಿನ ರಜೆ ಹಾಕುವಂತಿಲ್ಲ ಎಂಬುದೂ ಇದರೊಳಗೇ ಬರುತ್ತದೆ. ತಂಡ ಬದಲಾವಣೆಯನ್ನು ವಾರ ವಾರ ಮಾಡಬಾರದು. ಮಗುವನ್ನು ಶಾಲೆಗೆ ಬಿಡುವ ಏರ್ಪಾಡು, ಬಸ್ ಪಾಸು, ಜೊತೆಗೆ ಬೈಕಿನಲ್ಲಿ ಬರುವ ಸಹೋದ್ಯೋಗಿ, ಎಲ್ಲವನ್ನೂ ವಾರಕ್ಕೊಮ್ಮೆ ಕಲಕಿದರೆ ಜನ ಬೇಸತ್ತು ಹಳೆಯ ಹತ್ತು ಗಂಟೆಯೇ ಸಾಕಪ್ಪಾ ಎನ್ನುತ್ತಾರೆ. ನಾವು ಮೂರು ತಿಂಗಳಿಗೊಮ್ಮೆ, ಅದೂ ಇಬ್ಬರೂ ಒಪ್ಪಿದರೆ ಮಾತ್ರ ಬದಲಿಸುತ್ತೇವೆ.

ಇಷ್ಟೆಲ್ಲ ಸರಿಯಿದ್ದರೂ ಸದ್ದಿಲ್ಲದೆ ಕೆಡುವ ಜಾಗ ಒಂದಿದೆ. ಅದು ಸಂಜೆ ನಾಲ್ಕೂವರೆಯ ಸಭೆ. ಒಂಬತ್ತಕ್ಕೆ ಬಂದವರು ಐದಕ್ಕೆ ಎದ್ದರೆ "ಆಗಲೇ ಹೊರಟಿರಾ?" ಎಂಬ ನೋಟ ಎದುರಾಗುತ್ತದೆ. ಹಿರಿಯರು ಕೂತಿರುವಾಗ ಕಿರಿಯರು ಏಳುವುದು ನಮ್ಮ ಕಚೇರಿಗಳ ರೂಢಿಯಲ್ಲಿಲ್ಲ. ಹಾಗೆ ಕೂತವರ ದಿನ ಒಂಬತ್ತರಿಂದ ಆರೂವರೆವರೆಗೆ ಹಿಗ್ಗುತ್ತದೆ. ಆಗ ಅದು ಸಮಯ ಹಂಚಿಕೆಯಾಗಿ ಉಳಿಯುವುದಿಲ್ಲ, ಸಂಬಳವಿಲ್ಲದ ಹೆಚ್ಚುವರಿ ದುಡಿಮೆಯಾಗುತ್ತದೆ. ಇದನ್ನು ಕಂಡುಹಿಡಿಯುವುದು ಕಷ್ಟವಲ್ಲ. ಹಾಜರಾತಿ ಯಂತ್ರದಲ್ಲಿ ಎಲ್ಲರೂ ಬಂದ ಸಮಯವನ್ನೇ ನೋಡುತ್ತಾರೆ, ನಾನು ಹೊರಟ ಸಮಯ ನೋಡುತ್ತೇನೆ. ಮೊದಲ ತಂಡದವರ ನಿರ್ಗಮನ ವಾರಗಟ್ಟಲೆ ಐದೂವರೆ ದಾಟುತ್ತಿದ್ದರೆ ಯೋಜನೆ ಸತ್ತಿದೆ ಎಂದೇ ಅರ್ಥ. ಅದಕ್ಕಾಗಿ ನಮ್ಮಲ್ಲಿ ಸಭೆಗಳನ್ನು ಹನ್ನೊಂದರಿಂದ ನಾಲ್ಕರ ನಡುವೆ ಮಾತ್ರ ಕರೆಯುತ್ತಾರೆ.

ಯಂತ್ರದ ಮಾತು ಬಂದಿದ್ದರಿಂದ ಇನ್ನೊಂದು ವಿಷಯ. ಆರಂಭದ ತಿಂಗಳಲ್ಲಿ ಬೇರೆ ಊರಿನ ಮುಖ್ಯ ಕಚೇರಿಯ ತಂತ್ರಾಂಶ ಐದಕ್ಕೆ ಹೊರಟವರನ್ನೆಲ್ಲ ಬೇಗ ಹೋದವರೆಂದು ಗುರುತಿಸಿ ಸಂಬಳ ಕಡಿತಗೊಳಿಸಿತು. ಹಣ ಆಮೇಲೆ ಬಂತು, ಆದರೆ ಕಳೆದುಹೋದ ನಂಬಿಕೆ ಅಷ್ಟು ಬೇಗ ಮರಳಲಿಲ್ಲ. ಸರ್ಕಾರಿ ಕಚೇರಿಗಳ ಬಯೋಮೆಟ್ರಿಕ್ ವ್ಯವಸ್ಥೆಯಲ್ಲಿ ಎರಡು ಪಾಳಿಗಳ ಸಮಯ ದಾಖಲಾಗುವವರೆಗೆ ದಯವಿಟ್ಟು ಮೊದಲ ದಿನವನ್ನೇ ಆರಂಭಿಸಬೇಡಿ.

ಈಗ ನಿಮ್ಮ ಕಚೇರಿಗಳಿಗೆ ಬರುತ್ತೇನೆ. ಸರ್ಕಾರಿ ಕಚೇರಿಯ ಹತ್ತರಿಂದ ಐದೂವರೆಯ ಸಮಯವನ್ನು ಇದೇ ರೀತಿ ಒಡೆದರೆ ಒಂಬತ್ತರಿಂದ ನಾಲ್ಕೂವರೆ, ಹತ್ತೂವರೆಯಿಂದ ಆರು ಆಗುತ್ತದೆ. ಹತ್ತೂವರೆಯಿಂದ ನಾಲ್ಕೂವರೆವರೆಗಿನ ಆರು ಗಂಟೆ ಎಲ್ಲರೂ ಇರುತ್ತಾರೆ. ಖಾಸಗಿ ಕಚೇರಿಗೂ ತಾಲ್ಲೂಕು ಕಚೇರಿಗೂ ಒಂದು ದೊಡ್ಡ ವ್ಯತ್ಯಾಸವಿದೆ ಎಂಬುದು ನನಗೆ ಗೊತ್ತು. ಅಲ್ಲಿ ಒಂದೊಂದು ವಿಷಯಕ್ಕೂ ಒಬ್ಬರೇ ಕೇಸ್ ವರ್ಕರ್ ಇರುವುದೇ ಹೆಚ್ಚು. ಖಾಲಿ ಹುದ್ದೆಗಳಿದ್ದರೆ ಆ ಒಬ್ಬರೇ ಎರಡು ವಿಷಯ ಹೊತ್ತಿರುತ್ತಾರೆ. ಅಂಥ ಕಡೆ ಪಕ್ಕದ ಟೇಬಲ್ಲಿನವರನ್ನು ಜೋಡಿ ಮಾಡಬಹುದು, ಆದರೆ ಒಬ್ಬರು ಇಲ್ಲದಾಗ ಇನ್ನೊಬ್ಬರು ಕಡತ ಎಲ್ಲಿದೆ, ಯಾವ ಹಂತದಲ್ಲಿದೆ ಎಂದು ಹೇಳುವಷ್ಟಾದರೂ ತಿಳಿದಿರಬೇಕು. ಅದೂ ಆಗದಿದ್ದರೆ ಆ ಟೇಬಲ್ಲನ್ನು ಹತ್ತು ಗಂಟೆಗೇ ಬಿಡಿ. ಎಲ್ಲರೂ ಸರಿಯಬೇಕಾಗಿಲ್ಲ ಎಂದು ಮೇಲೆ ಹೇಳಿದ್ದು ಇದಕ್ಕೇ. ಶಿರಸ್ತೇದಾರರು ಮತ್ತು ಗ್ರೇಡ್-2 ತಹಶೀಲ್ದಾರರ ಮಟ್ಟದಲ್ಲಿ ಮಾತ್ರ ರಾಜಿ ಇರಬಾರದು. ಬೆಳಗ್ಗೆ ಒಂಬತ್ತಕ್ಕೆ ಸಹಿ ಮಾಡಬಲ್ಲ ಒಬ್ಬರು, ಸಂಜೆ ಆರರವರೆಗೆ ಒಬ್ಬರು ಇರಲೇಬೇಕು, ಯಾರು ಯಾವುದಕ್ಕೆ ಸಹಿ ಮಾಡಬಹುದು ಎಂಬ ಅಧಿಕಾರ ಪ್ರತ್ಯಾಯೋಜನೆಯ ಆದೇಶವೂ ಇರಬೇಕು. ಅಭಿಲೇಖಾಲಯದ ಬೀಗದ ಕೈ ಯಾರ ಬಳಿ ಇರುತ್ತದೆ ಎಂಬ ಪ್ರಶ್ನೆ ಕ್ಷುಲ್ಲಕವೆನಿಸಬಹುದು. ಕೈ ಹತ್ತೂವರೆಯವರ ಜೇಬಿನಲ್ಲಿದ್ದರೆ ಒಂಬತ್ತರ ತಂಡ ಒಂದೂವರೆ ಗಂಟೆ ಕಾಫಿ ಕುಡಿಯುತ್ತದೆ.

ಇದರಿಂದ ಹೆಚ್ಚು ಅನುಕೂಲವಾಗುವುದು ನಗರದವರಿಗಿಂತ ದೂರದ ತಾಲ್ಲೂಕಿನವರಿಗೆ ಎಂಬುದು ನನ್ನ ಅಭಿಪ್ರಾಯ. ಪಾವಗಡ ಇಲ್ಲಿಂದ ಸುಮಾರು ನೂರು ಕಿಲೋಮೀಟರ್. ಬೆಳಗಿನ ಮೊದಲ ಬಸ್ಸುಗಳನ್ನು ಹಿಡಿದು ಬಂದ ರೈತ ಒಂಬತ್ತಕ್ಕೇ ಕಚೇರಿಯ ಮೆಟ್ಟಿಲ ಮೇಲೆ ಕೂತಿರುತ್ತಾನೆ. ಹತ್ತಕ್ಕೆ ಬಾಗಿಲು ತೆರೆದು, ನಗರದ ಜನರೂ ಸೇರಿ ಸಾಲು ಬೆಳೆದು, ಅವನ ಸರದಿ ಬರುವಷ್ಟರಲ್ಲಿ ಊಟದ ಹೊತ್ತು. ಸಂಜೆ ಸಹಿ ಸಿಗದಿದ್ದರೆ ಇನ್ನೊಂದು ದಿನದ ಕೂಲಿ ಮತ್ತು ಬಸ್ ಛಾರ್ಜು. ಒಂಬತ್ತಕ್ಕೇ ಅರ್ಜಿ ತೆಗೆದುಕೊಳ್ಳುವವರೂ ಪರಿಶೀಲಿಸುವವರೂ ಸಹಿ ಹಾಕುವವರೂ ಇದ್ದರೆ ಹತ್ತಕ್ಕೆ ಅವನು ಬಸ್ ನಿಲ್ದಾಣದ ದಾರಿ ಹಿಡಿಯಬಹುದು. ಅತ್ತ ನಗರದಲ್ಲಿ ಕೆಲಸ ಮಾಡುವವರಿಗೆ ಸಂಜೆ ಐದೂವರೆಯಿಂದ ಆರರ ನಡುವಿನ ಅರ್ಧ ಗಂಟೆ ಸಿಗುತ್ತದೆ. ಒಂದು ಖಾತೆ ನಕಲಿಗಾಗಿ ಅರ್ಧ ದಿನದ ರಜೆ ಹಾಕಬೇಕಾಗಿಲ್ಲ.

ಹೀಗೆ ಮಾಡಿದವರು ನಾವು ಮೊದಲಿಗರೇನಲ್ಲ. ಪಶ್ಚಿಮ ಜರ್ಮನಿಯ ಮ್ಯೂನಿಕ್ ಬಳಿಯ ಒಟೊಬ್ರುನ್‌ನಲ್ಲಿ ವಿಮಾನ ತಯಾರಿಕಾ ಸಂಸ್ಥೆಯೊಂದು 1967ರಲ್ಲೇ ಕಚೇರಿ ಸಮಯವನ್ನು ಸಡಿಲಿಸಿತು. ಬೆಳಗಿನ ವಾಹನ ದಟ್ಟಣೆ, ಗೇಟಿನ ಮುಂದಿನ ನೂಕುನುಗ್ಗಲು ಅದಕ್ಕೆ ಕಾರಣಗಳಾಗಿದ್ದವು. ಎಲ್ಲರೂ ಇರಲೇಬೇಕಾದ ನಡುವಿನ ಗಂಟೆಗಳು ಎಂಬ ಕಲ್ಪನೆಯೂ ಅದರ ಭಾಗವಾಗಿತ್ತು. ಮುಂಬೈಯಲ್ಲಿ ಮಧ್ಯ ರೈಲ್ವೆ 2023ರ ನವೆಂಬರ್‌ನಿಂದ ತನ್ನ ಕಚೇರಿ ಸಿಬ್ಬಂದಿಗೆ ಒಂಬತ್ತೂವರೆ ಮತ್ತು ಹನ್ನೊಂದೂವರೆ ಎಂಬ ಎರಡು ಆರಂಭಗಳನ್ನು ತಂದಿತು. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ಕೇಂದ್ರ ಸರ್ಕಾರವೂ ತನ್ನ ನೌಕರರಿಗೆ ಒಂಬತ್ತು, ಒಂಬತ್ತೂವರೆ, ಹತ್ತು ಎಂದು ಮೂರು ಆರಂಭ ಸಮಯಗಳನ್ನು ಸೂಚಿಸಿತ್ತು. ದೆಹಲಿ 2024ರ ನವೆಂಬರ್‌ನಲ್ಲಿ ವಾಯುಮಾಲಿನ್ಯದ ಕಾರಣಕ್ಕೆ ಪಾಲಿಕೆ ನೌಕರರಿಗೆ ಎಂಟೂವರೆ, ಕೇಂದ್ರದವರಿಗೆ ಒಂಬತ್ತು, ದೆಹಲಿ ಸರ್ಕಾರದವರಿಗೆ ಹತ್ತು ಎಂದು ನಿಗದಿ ಮಾಡಿತು. ರಸ್ತೆಯ ದೃಷ್ಟಿಯಿಂದ ದೆಹಲಿಯ ಕ್ರಮ ತಪ್ಪಲ್ಲ. ಆದರೆ ಅದು ಇಡೀ ಸಂಸ್ಥೆಗಳನ್ನೇ ಸರಿಸುವ ಪದ್ಧತಿ. ತುಮಕೂರಿನಂಥ ಊರಿನಲ್ಲಿ ಒಬ್ಬನೇ ಅರ್ಜಿದಾರ ಒಂದೇ ದಿನ ಪಾಲಿಕೆಗೂ ತಾಲ್ಲೂಕು ಕಚೇರಿಗೂ ಹೋಗಬೇಕಾಗುತ್ತದೆ. ಒಂದು ಬೇಗ ಮುಚ್ಚಿ ಇನ್ನೊಂದು ತಡವಾಗಿ ತೆರೆದರೆ ಅವನ ದಿನ ಕಿರಿದಾಗುತ್ತದೆ.

ಎರಡು ಆಕ್ಷೇಪಗಳನ್ನು ನಾನೇ ಎತ್ತುತ್ತೇನೆ. ಮೊದಲನೆಯದು ಮಹಿಳಾ ಸಿಬ್ಬಂದಿಯದು. ಡಿಸೆಂಬರ್ ಆರಂಭದಲ್ಲಿ ನಮ್ಮಲ್ಲಿ ಆರು ಗಂಟೆಯ ಹೊತ್ತಿಗೆಲ್ಲ ಸೂರ್ಯ ಮುಳುಗಿರುತ್ತಾನೆ. ಆರಕ್ಕೆ ಕಚೇರಿ ಬಿಟ್ಟು ಹೆಬ್ಬೂರಿಗೋ ಗುಬ್ಬಿಗೋ ಹೋಗಬೇಕಾದವರು ಕತ್ತಲಲ್ಲಿ ಬಸ್ಸಿಗೆ ಕಾಯಬೇಕು. ಹೊರ ಊರಿನಿಂದ ಬಸ್ಸಿನಲ್ಲಿ ಓಡಾಡುವವರನ್ನು ಅವರೇ ಕೇಳದ ಹೊರತು ಎರಡನೇ ತಂಡಕ್ಕೆ ಹಾಕಬಾರದು. ಮಗುವನ್ನು ಶಾಲೆಗೆ ಬಿಟ್ಟು ಬರುವ ತಾಯಂದಿರಿಗೆ ಹತ್ತೂವರೆಯೇ ಅನುಕೂಲ, ಆದ್ದರಿಂದ ಯಾರ ಪರವಾಗಿಯೂ ನಾವೇ ಊಹಿಸಿಕೊಳ್ಳದೆ ಕೇಳುವುದು ಒಳ್ಳೆಯದು. ಕೇಳಿ, ಆಮೇಲೆ ಜೋಡಿಯ ನಿಯಮದೊಳಗೆ ಹೊಂದಿಸಬೇಕು.

ಎರಡನೆಯದು, ರಸ್ತೆ ಸ್ವಲ್ಪ ತೆರವಾದ ಕೂಡಲೇ ಈಗ ಬೇರೆ ದಾರಿ ಅಥವಾ ಬೇರೆ ಹೊತ್ತು ಹಿಡಿದಿರುವವರು ಮತ್ತೆ ಆ ಗಂಟೆಗೇ ಬಂದು ಸೇರುತ್ತಾರೆ ಎಂಬುದು. ನಿಜ, ಸ್ವಲ್ಪ ಮಟ್ಟಿಗೆ ಹಾಗಾಗುತ್ತದೆ. ಮೊದಲ ವಾರಗಳ ಸುಧಾರಣೆಯನ್ನೇ ಕೊನೆಯದೆಂದು ಭಾವಿಸಬಾರದು. ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ವೃತ್ತಗಳಲ್ಲಿ ಹಾಕಿರುವ ಕ್ಯಾಮೆರಾಗಳಿವೆ. ಟೌನ್‌ಹಾಲ್ ವೃತ್ತದಲ್ಲಿ ಒಂದು ವಾಹನ ಎಷ್ಟು ಬಾರಿ ಹಸಿರು ದೀಪ ತಪ್ಪಿಸಿಕೊಂಡು ದಾಟುತ್ತದೆ ಎಂದು ಆರಂಭಕ್ಕೆ ಮುಂಚೆ ಒಮ್ಮೆ, ಮೂರನೇ ತಿಂಗಳಲ್ಲಿ ಒಮ್ಮೆ ಎಣಿಸಿದರೆ ಸಾಕು. ಪರೀಕ್ಷೆ ಮತ್ತು ದಸರಾ ರಜೆಯ ವಾರಗಳನ್ನು ಎಣಿಕೆಗೆ ಆರಿಸಿಕೊಳ್ಳಬಾರದು, ಶಾಲೆ ಮುಚ್ಚಿದ್ದಾಗ ಯಾವ ಯೋಜನೆಯೂ ಗೆಲ್ಲುತ್ತದೆ.

ಶಾಲೆಗಳ ಸಮಯವನ್ನೇ ಬದಲಿಸಬಾರದೇಕೆ ಎಂದು ಕೇಳುವವರಿದ್ದಾರೆ. ಬೆಂಗಳೂರಿನಲ್ಲಿ 2023ರಲ್ಲಿ ಹೈಕೋರ್ಟಿನ ಸಲಹೆಯ ಮೇರೆಗೆ ಆ ಚರ್ಚೆ ನಡೆದು, ಶಾಲೆಗಳ ವಿರೋಧ ಎದುರಾಯಿತು. ಈಗಾಗಲೇ ಬೆಳಗ್ಗೆ ಬೇಗ ಎದ್ದು ಹೊರಡುವ ಮಕ್ಕಳನ್ನು ಇನ್ನೂ ಬೇಗ ಎಬ್ಬಿಸುವುದಕ್ಕಿಂತ ದೊಡ್ಡವರು ಸರಿಯುವುದು ಮೇಲು.

ಕಚೇರಿ ಸಮಯ ನಿಗದಿ ಮಾಡುವುದು ರಾಜ್ಯ ಸರ್ಕಾರ, ನೀವೊಬ್ಬರೇ ಆದೇಶ ಹೊರಡಿಸಲಾರಿರಿ. ಆದರೆ ನಿಮ್ಮ ಕಚೇರಿ, ತಾಲ್ಲೂಕು ಕಚೇರಿ ಮತ್ತು ಮಹಾನಗರ ಪಾಲಿಕೆ, ಈ ಮೂರಕ್ಕೆ ಮಾತ್ರ ಆರು ತಿಂಗಳ ಪ್ರಾಯೋಗಿಕ ಅನುಮತಿ ಕೋರಿ ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆಗೆ ಪ್ರಸ್ತಾವ ಕಳುಹಿಸಬಹುದು. ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಅಧ್ಯಕ್ಷರೂ ನೀವೇ ಆಗಿರುವುದರಿಂದ ಎಂಟೂವರೆ ಮತ್ತು ಆರೂಕಾಲರ ಹೊತ್ತಿಗೆ ನಗರ ಬಸ್ಸುಗಳಿವೆಯೇ ಎಂದು ಸಾರಿಗೆಯವರೊಡನೆ ಕೂತು ನೋಡಬಹುದು. ಆರಂಭಕ್ಕೆ ಜೂನ್ ಒಳ್ಳೆಯದಲ್ಲ, ಶಾಲೆ ಆರಂಭದ ಗೊಂದಲವಿರುತ್ತದೆ; ಆಗಸ್ಟ್‌ನಲ್ಲಿ ತೊಡಗಿದರೆ ಹಬ್ಬದ ರಜೆಗಳಲ್ಲಿ ಜೋಡಿ ನಿಯಮ ಎಷ್ಟು ಗಟ್ಟಿಯಾಗಿದೆ ಎಂದು ತಿಳಿದುಬಿಡುತ್ತದೆ. ಮೂರು ತಿಂಗಳಾದ ಮೇಲೆ ಎರಡು ಪಟ್ಟಿಗಳನ್ನು ಕಚೇರಿಯ ಸೂಚನಾ ಫಲಕದಲ್ಲಿ ಹಾಕಿಸಿ: ಯಾವ ಟೇಬಲ್ ಎಷ್ಟು ನಿಮಿಷ ಯಾರೂ ಇಲ್ಲದೆ ಖಾಲಿಯಿತ್ತು, ಮೊದಲ ತಂಡದವರು ನಿಜವಾಗಿ ಎಷ್ಟು ಗಂಟೆಗೆ ಮನೆಗೆ ಹೊರಟರು.

ಪ್ರಸ್ತಾವ ಕಳುಹಿಸುವ ಮುನ್ನ ನೌಕರರ ಸಂಘದವರನ್ನೂ ಮುಂಭಾಗದ ಕೌಂಟರುಗಳಲ್ಲಿ ಕೂರುವವರನ್ನೂ ಒಂದು ಮಧ್ಯಾಹ್ನ ಕರೆಸಿ ಮಾತನಾಡಿ. ನಾವು ಬಳಸುವ ಜೋಡಿ ಪಟ್ಟಿ ಮತ್ತು ರಜೆಯ ನಿಯಮದ ಒಂದು ಪುಟವನ್ನು, ಕಚೇರಿಯ ಹೆಸರು ಅಳಿಸಿ, ಆ ಸಭೆಗೆ ತಂದುಕೊಡಲು ಸಿದ್ಧಳಿದ್ದೇನೆ. ಸಭೆ ನಾಲ್ಕು ಗಂಟೆಯೊಳಗೆ ಮುಗಿಯುವಂತಿರಲಿ.

ಇತಿ ತಮ್ಮ ವಿಶ್ವಾಸಿ,
ತುಮಕೂರಿನ ಖಾಸಗಿ ಕಚೇರಿಯೊಂದರ ಆಡಳಿತ ವ್ಯವಸ್ಥಾಪಕಿ